ಗಂಟೆಗೆ ಎಷ್ಟು ಕರೆ? ಎಂಟು ಸಾಲಿನ ಡೇಟಾಗೆ ಗಾಮಾ ಪ್ರಯರ್ ಹಾಕಿದವರ ಅನುಭವ

ರಾತ್ರಿಪಾಳಿ ಕೇಳಿದ್ದು:
ಹೊಸ ಸಹಾಯವಾಣಿ. ರಾತ್ರಿ ಆರು ಗಂಟೆ ಅವಧಿಯ ಪಾಳಿಗೆ ಎಷ್ಟು ಕರೆ ಬರಬಹುದು ಅಂತ ಅಂದಾಜು ಕೊಡಬೇಕು. ಕೈಯಲ್ಲಿ ಇರೋದು ಎಂಟು ಸಾಲು ಅಷ್ಟೆ, ಗಂಟೆಗೊಂದು: 3, 5, 2, 6, 4, 1, 4, 7. ಮೂರನೇ ಸಾಲಿನಲ್ಲಿ ಅರ್ಧ ಗಂಟೆ ಲೈನ್ ಕೆಟ್ಟಿತ್ತು. ಇಂಥದ್ದೇ ಇನ್ನೊಂದು ಲೈನ್ ನೋಡಿಕೊಂಡವರು "ಗಂಟೆಗೆ ಆರು ಬರುತ್ತೆ, ಮೂರಕ್ಕಿಂತ ಕಮ್ಮಿ ಅಥವಾ ಹತ್ತಕ್ಕಿಂತ ಜಾಸ್ತಿ ಅಪರೂಪ" ಅಂತಾರೆ. ಗಾಮಾ ಪ್ರಯರ್ ಹಾಕು ಅಂದಿದ್ದಾರೆ. ಅದರ a, b ಎಲ್ಲಿಂದ ತರೋದು? ಮಾಡಿ ನೋಡಿದವರು ಹೇಳ್ತೀರಾ?

ಹಳೇ ಅಂದಾಜು:
ನನಗೆ ಇದು ಅರ್ಥವಾಗಿದ್ದು a, b ಎರಡನ್ನೂ ಅಕ್ಷರಗಳಾಗಿ ನೋಡುವುದನ್ನು ಬಿಟ್ಟ ಮೇಲೆ. a ಅಂದರೆ ಕರೆಗಳು, b ಅಂದರೆ ಗಂಟೆಗಳು. ಗಾಮಾ(a, b) ಹಾಕಿದರೆ "ನಾನು ಈಗಾಗಲೇ b ಗಂಟೆ ಕೂತು a ಕರೆ ನೋಡಿದಷ್ಟು ನನಗೆ ಗೊತ್ತಿದೆ" ಎಂದು ಹೇಳಿದ ಹಾಗೆ.

ಈಗ ಆ ಅನುಭವಸ್ಥರ ಮಾತನ್ನು ಹಿಡಿಯಿರಿ. ಸರಾಸರಿ 6. ಮೂರರಿಂದ ಹತ್ತು ಅಂದರೆ ಆಚೀಚೆ ಸುಮಾರು ಎರಡೆರಡು ಸ್ಟ್ಯಾಂಡರ್ಡ್ ಡೀವಿಯೇಷನ್ ಎಂದು ಇಟ್ಟುಕೊಂಡರೆ, ಒಂದು ಡೀವಿಯೇಷನ್ 2ರ ಹತ್ತಿರ ಬರುತ್ತದೆ. ಗಾಮಾದ ಸರಾಸರಿ a/b, ವೇರಿಯನ್ಸ್ a/b². ಸರಾಸರಿಯನ್ನು ವೇರಿಯನ್ಸ್‌ನಿಂದ ಭಾಗಿಸಿದರೆ b ಸಿಗುತ್ತದೆ: 6/4 = 1.5. ಹಾಗಾದರೆ a = 9. ಇಲ್ಲಿಗೆ ನಿಲ್ಲಬೇಡಿ. ಗಾಮಾ(9, 1.5) ನಿಜವಾಗಿ ಏನು ಹೇಳುತ್ತದೆ ಅಂತ ತಿರುಗಿ ನೋಡಿ. ಅದರ ನಡುವಿನ ಶೇಕಡ 90 ಭಾಗ 3.1ರಿಂದ 9.6ರವರೆಗೆ ಬರುತ್ತದೆ. ಅವರು ಹೇಳಿದ್ದಕ್ಕೆ ಸರಿಯಾಗಿ ಕೂರುತ್ತದೆ. ಹೋಗಿ ಅವರಿಗೇ ತೋರಿಸಿ, "ಹೌದು, ನಾನು ಅಂದಿದ್ದು ಇಷ್ಟೇ" ಅಂದರೆ ಪ್ರಯರ್ ಸಿದ್ಧ.

ಇನ್ನು ಡೇಟಾ. ಕರೆಗಳ ಮೊತ್ತ 32. ಗಂಟೆಗಳು ಎಂಟಲ್ಲ, ಏಳೂವರೆ! ಮೂರನೇ ಸಾಲಿನ 2 ಕರೆ ಅರ್ಧ ಗಂಟೆಯಲ್ಲಿ ಬಂದದ್ದು. ಅದನ್ನು ಪೂರ್ತಿ ಗಂಟೆ ಅಂತ ಎಣಿಸಿದರೆ ಆ ಹೊತ್ತು ಬರೀ ಸಪ್ಪೆಯಾಗಿತ್ತು ಎಂದು ಸುಳ್ಳು ಹೇಳಿದಂತೆ. ಸಾಲನ್ನು ತೆಗೆದು ಹಾಕುವುದೂ ಬೇಡ, ಅದರ ಎರಡು ಕರೆ ನಿಜವೇ. ಗಂಟೆಯನ್ನು ಸರಿಯಾಗಿ ಬರೆದರೆ ಸಾಕು.

ಅಪ್‌ಡೇಟ್ ಅಂದರೆ ಎರಡು ಕೂಡಿಕೆ: 9 + 32 = 41, 1.5 + 7.5 = 9. ಪೋಸ್ಟೀರಿಯರ್ ಗಾಮಾ(41, 9), ಸರಾಸರಿ 4.56. ಬರೀ ಡೇಟಾ ನೋಡಿದರೆ 32/7.5 = 4.27. ಒಟ್ಟು 9 ಗಂಟೆಯಲ್ಲಿ ನಿಮ್ಮ ಅನುಭವಸ್ಥರದು 1.5, ಅಂದರೆ ಆರರಲ್ಲಿ ಒಂದು ಪಾಲು. 4.27ರಿಂದ 6ರ ಕಡೆಗೆ ಆರರಲ್ಲಿ ಒಂದು ಹೆಜ್ಜೆ ಹೋದರೆ 4.56. ಈ ಪಾಲನ್ನು ಮೊದಲೇ ಬರೆದಿಟ್ಟುಕೊಳ್ಳಿ. ಯಾರು ಕೇಳಿದರೂ "ಅವರ ಮಾತಿಗೆ ಒಂದೂವರೆ ಗಂಟೆಯ ತೂಕ ಕೊಟ್ಟೆ" ಅಂತ ಒಂದೇ ಸಾಲಿನಲ್ಲಿ ಉತ್ತರ ಕೊಡಬಹುದು.

ಡೇಟಾನೇ ಹೇಳಲಿ:
ಇಷ್ಟೆಲ್ಲಾ ಯಾಕೆ? ಗಾಮಾ(0.001, 0.001) ಹಾಕಿ. ಯಾರ ಅಭಿಪ್ರಾಯವೂ ಬೇಡ, ಡೇಟಾ ತಾನೇ ಮಾತಾಡುತ್ತದೆ. ನಾನು ಯಾವಾಗಲೂ ಹಾಗೇ ಮಾಡೋದು, ಉತ್ತರ ಸರಾಸರಿಗೇ ಬರುತ್ತದೆ.

ಹಳೇ ಅಂದಾಜು:
32 ಕರೆ ಇದ್ದಾಗ ನೀವು ಹೇಳಿದ್ದು ಸರಿ, ಏನೂ ತೊಂದರೆಯಾಗುವುದಿಲ್ಲ. ಆದರೆ ಕರೆಯೇ ಬರದ ಮೂರು ಗಂಟೆಗೆ ಅದನ್ನೇ ಹಾಕಿ ನೋಡಿ. ಗಾಮಾ(0.001, 3.001). ಸರಾಸರಿ ಗಂಟೆಗೆ 0.00033. ಮೂರು ಗಂಟೆ ಸುಮ್ಮನೆ ಕೂತು, ಆ ದರದಲ್ಲಿ ಮುಂದಿನ ಕರೆಗೆ ಸರಾಸರಿ ಮೂರು ಸಾವಿರ ಗಂಟೆ ಅಂತ ಬರೆದುಕೊಟ್ಟ ಹಾಗಾಯಿತು, ಅದೂ ಬಹಳ ಖಚಿತವಾಗಿ. ಆ ಪ್ರಯರ್ ಏನೂ ಹೇಳದೆ ಕೂತಿರುವುದಿಲ್ಲ, ತನ್ನ ತೂಕವನ್ನೆಲ್ಲ ಸೊನ್ನೆಯ ಪಕ್ಕದಲ್ಲಿ ಪೇರಿಸಿರುತ್ತದೆ. ಎಣಿಕೆ ಕಮ್ಮಿ ಇರುವಾಗಲೇ ಪ್ರಯರ್ ಕೆಲಸಕ್ಕೆ ಬರುವುದು, ಆಗಲೇ ಇದು ಕೈ ಕೊಡುತ್ತದೆ.

ಎರಡು ಸಲ ಎಡವಿದೆ:
ನನ್ನ ಕಥೆ ಹೇಳುತ್ತೇನೆ, ಬೇರೆಯವರಿಗೆ ಹೀಗಾಗದಿರಲಿ. ಪ್ರಯರ್ ಸರಿಯಾಗಿ ಆರಿಸಿದ್ದೆ, ನಿಮ್ಮ ಹಾಗೆಯೇ 9 ಮತ್ತು 1.5. ಸ್ಪ್ರೆಡ್‌ಶೀಟ್‌ನಲ್ಲಿ `GAMMA.INV`ಗೆ ಹಾಗೇ ಕೊಟ್ಟೆ. ಅದು ಎರಡನೇ ಸಂಖ್ಯೆಯನ್ನು ರೇಟ್ ಅಂತ ಓದುವುದಿಲ್ಲ, ಸ್ಕೇಲ್ ಅಂತ ಓದುತ್ತದೆ, ಅಂದರೆ 1/b. ನನ್ನ ಸರಾಸರಿ 6 ಹೋಗಿ 13.5 ಆಯಿತು. ಅಲ್ಲಿ 1/1.5 ಕೊಡಬೇಕಿತ್ತು. ಪೈಥಾನ್‌ಗೆ ಬಂದಾಗ ಇನ್ನೊಂದು ಸಲ ಎಡವಿದೆ. `scipy.stats.gamma(9, 1.5)` ಬರೆದರೆ 1.5 ಸ್ಕೇಲ್ ಕೂಡ ಅಲ್ಲ, ಇಡೀ ಹಂಚಿಕೆಯನ್ನು 1.5ರಷ್ಟು ಬಲಕ್ಕೆ ಸರಿಸುತ್ತದೆ. ಸರಾಸರಿ 10.5! ಎರಡು ಸಲವೂ ಎರರ್ ಬರಲಿಲ್ಲ, ಚಾರ್ಟ್ ಕೂಡ ಚೆನ್ನಾಗಿಯೇ ಕಂಡಿತು. ಅಂದಿನಿಂದ ಮೊದಲ ಸಾಲಿನಲ್ಲೇ ಪ್ರಯರ್‌ನ ಸರಾಸರಿ ಪ್ರಿಂಟ್ ಮಾಡಿಸುತ್ತೇನೆ. 6 ಅಂತ ಬರದಿದ್ದರೆ ಮುಂದಕ್ಕೆ ಹೋಗುವುದಿಲ್ಲ.

ನಡುವಿನ ಹೊತ್ತು:
ನನ್ನ ಹತ್ತಿರ ಗಂಟೆಗೆ ಎಷ್ಟು ಅನ್ನುವ ಲೆಕ್ಕವೇ ಇಲ್ಲ. ಒಂದು ಕರೆಯಿಂದ ಇನ್ನೊಂದಕ್ಕೆ ಎಷ್ಟು ನಿಮಿಷ ಅನ್ನುವ ಪಟ್ಟಿ ಇದೆ. ನೀವು ಕೇಳಿದ್ದೂ ಅದನ್ನೇ ಅಂದುಕೊಂಡು ಓದುತ್ತಾ ಬಂದೆ. ನನಗೆ ಬೇರೆ ಪ್ರಯರ್ ಬೇಕಾ?

ಹಳೇ ಅಂದಾಜು:
ಬೇಡ, ಇದೇ ಸಾಕು. ಕರೆಗಳ ಸಂಖ್ಯೆಯನ್ನು a ಕಡೆಗೆ, ನಡುವಿನ ಹೊತ್ತುಗಳ ಮೊತ್ತವನ್ನು ಗಂಟೆಗೆ ಬದಲಿಸಿ b ಕಡೆಗೆ ಕೂಡಿಸಿ. ಒಂದು ಎಚ್ಚರ. ಕೊನೆಯ ಕರೆ ಆದ ಮೇಲೆ ಪಾಳಿ ಮುಗಿಯುವವರೆಗೆ ಖಾಲಿ ಕೂತ ಹೊತ್ತೂ b ಗೆ ಸೇರಬೇಕು. ಅದಕ್ಕೆ ಎದುರಾಗಿ ಕರೆ ಇಲ್ಲ ಅಂತ ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಆಗ ದರ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ.

ರಾತ್ರಿಪಾಳಿ:
ತುಂಬಾ ಉಪಕಾರ ಆಯ್ತು. ಹಾಗಾದರೆ ಆರು ಗಂಟೆಗೆ 6 × 4.56, ಅಂದರೆ 27.3. ಪ್ವಾಸಾನ್ ಟೇಬಲ್ ನೋಡಿದೆ, ಶೇಕಡ 95ರ ಗಡಿ 36 ಬಂತು. ಇಷ್ಟನ್ನು ಬರೆದು ಕೊಡಲಾ?

ಹಳೇ ಅಂದಾಜು:
ಸ್ವಲ್ಪ ತಡೆಯಿರಿ, ಇಲ್ಲೇ ಜಾರುವುದು. 4.56 ಅನ್ನುವುದು ಗೊತ್ತಿರುವ ದರ ಅಲ್ಲ, ಪೋಸ್ಟೀರಿಯರ್‌ನ ನಡುವಿನ ಒಂದು ಬಿಂದು. ನಿಜವಾದ ದರ 3.5 ಇರಬಹುದು, 5.8 ಕೂಡ ಇರಬಹುದು. ಶೇಕಡ 90ರ ಅಂತರ ಅಷ್ಟು ಅಗಲ ಇದೆ. ದರವೇ 5.8 ಇದ್ದರೆ ಆ ರಾತ್ರಿಯ ಆರು ಗಂಟೆಯೂ ಒಟ್ಟಿಗೆ ಮೇಲೇರುತ್ತದೆ. ಒಂದು ಗಂಟೆಯ ತಪ್ಪನ್ನು ಇನ್ನೊಂದು ಗಂಟೆ ಸರಿದೂಗಿಸುವುದಿಲ್ಲ.

ಎಲ್ಲ ದರಗಳನ್ನೂ ಅವುಗಳ ತೂಕದಂತೆ ಬೆರೆಸಿದರೆ ಬರುವುದು ನೆಗೆಟಿವ್ ಬೈನಾಮಿಯಲ್. ಸರಾಸರಿ ಅದೇ 27.3. ವೇರಿಯನ್ಸ್ ಮಾತ್ರ 27.3 × (1 + 6/9), ಅಂದರೆ 45.6. ಡೀವಿಯೇಷನ್ 5.2 ಇದ್ದದ್ದು 6.75 ಆಗುತ್ತದೆ. ಆ ಬ್ರಾಕೆಟ್ಟಿನ ಒಳಗೆ ನೋಡಿ: ಮುಂದೆ ನೋಡಬೇಕಾದ ಗಂಟೆ ಮೇಲೆ, ನಿಮ್ಮ ಕೈಯಲ್ಲಿರುವ ಗಂಟೆ ಕೆಳಗೆ. ಬರೀ ಮುಂದಿನ ಒಂದು ಗಂಟೆಗೆ ಆದರೆ 1/9, ಹೆಚ್ಚೇನೂ ಬದಲಾಗುವುದಿಲ್ಲ. ಪೂರ್ತಿ ಪಾಳಿಗೆ ಬಹಳವೇ ಬದಲಾಗುತ್ತದೆ.

```
qgamma(c(0.05, 0.95), shape = 41, rate = 9)
qnbinom(0.95, size = 41, prob = 9 / (9 + 6))
```

ಇದು R ಕೋಡ್. ಎರಡನೇ ಸಾಲು 39 ಕೊಡುತ್ತದೆ. 36 ಬರೆದುಕೊಟ್ಟರೆ ಗಡಿ ದಾಟುವ ರಾತ್ರಿಗಳು ನೀವು ಹೇಳಿದ್ದಕ್ಕಿಂತ ಜಾಸ್ತಿ ಆಗುತ್ತವೆ. ಆಗ ಡೇಟಾ ಸರಿ ಇಲ್ಲ ಅಂತ ಎಲ್ಲರೂ ಡೇಟಾವನ್ನೇ ಬೈಯುತ್ತಾರೆ.

ಎರಡು ಸಲ ಎಡವಿದೆ:
ಇದಕ್ಕೆ ಇನ್ನೊಂದು ಸೇರಿಸುತ್ತೇನೆ. ಬೇರೊಂದು ಕೆಲಸದಲ್ಲಿ ಹಳೇ ಲೈನಿನ 400 ಗಂಟೆಯ ದಾಖಲೆ ಸಿಕ್ಕಿತ್ತು. ಖುಷಿಯಿಂದ ಅಷ್ಟನ್ನೂ ಪ್ರಯರ್‌ಗೆ ತುಂಬಿದೆ. ಹೊಸ ಲೈನಿನ ಡೇಟಾ ವಾರಗಟ್ಟಲೆ ಕೂಡಿಸಿದರೂ ಉತ್ತರ ಅಲ್ಲಾಡಲೇ ಇಲ್ಲ. ಆಮೇಲೆ ಎರಡನ್ನೂ ನೂರರಿಂದ ಭಾಗಿಸಿದೆ, b 4 ಗಂಟೆಗೆ ಇಳಿಯಿತು. ಸರಾಸರಿ ಹಾಗೇ ಉಳಿಯಿತು, ಹಠ ಕಮ್ಮಿಯಾಯಿತು. ನೂರೇ ಯಾಕೆ ಅಂತ ಕೇಳಿದರೆ ನನ್ನ ಹತ್ತಿರ ಗಟ್ಟಿ ಕಾರಣ ಇಲ್ಲ. ಹಳೇ ಲೈನು ಹೊಸದನ್ನು ಎಷ್ಟು ಹೋಲುತ್ತದೆ ಅನ್ನುವ ನನ್ನ ಅಂದಾಜು ಅಷ್ಟೆ.

ಗುಂಪುಗುಂಪಾಗಿ:
ಎಲ್ಲರೂ ಪ್ವಾಸಾನ್ ಅಂತ ಒಪ್ಪಿಕೊಂಡೇ ಮಾತಾಡುತ್ತಿದ್ದೀರಿ. ನಾನು ಒಪ್ಪುವುದಿಲ್ಲ. ನನ್ನ ಲೈನಿನಲ್ಲಿ ಒಂದು ಕಡೆ ಏನೋ ಕೆಟ್ಟರೆ ಹತ್ತು ಕರೆ ಒಟ್ಟಿಗೆ ಬರುತ್ತವೆ, ಆಮೇಲೆ ಎರಡು ಗಂಟೆ ಮೌನ. ಈ ಗಾಮಾ ಲೆಕ್ಕಕ್ಕೆ ಅದು ಕಾಣುವುದೇ ಇಲ್ಲ. ಎಂಟು ಗಂಟೆಗೆ ನಾಲ್ಕು ನಾಲ್ಕು ಕರೆ ಬರಲಿ, ಅಥವಾ ಏಳು ಗಂಟೆ ಸೊನ್ನೆ, ಎಂಟನೇ ಗಂಟೆಗೆ 32 ಬರಲಿ, ಎರಡಕ್ಕೂ ಪೋಸ್ಟೀರಿಯರ್ ಒಂದೇ. ಅದು ನೋಡುವುದು ಮೊತ್ತವನ್ನು ಮಾತ್ರ, ಅಲ್ವಾ?

ಹಳೇ ಅಂದಾಜು:
ನಿಜ. ಇದು ಈ ವಿಧಾನದ ದೊಡ್ಡ ಮಿತಿ. ಸಾಲುಗಳ ವೇರಿಯನ್ಸ್ ಸರಾಸರಿಯ ಹತ್ತಿರ ಇದೆಯಾ ಅಂತ ಬೇರೆಯಾಗಿ ನೋಡಲೇಬೇಕು. ಇಲ್ಲಿ ಅರ್ಧ ಗಂಟೆಯ ಸಾಲನ್ನು ಹಾಗೇ ಬಿಟ್ಟು ನೋಡಿದರೆ ಎರಡೂ 4. ಚೆನ್ನಾಗಿದೆ ಅನ್ನಿಸುತ್ತದೆ. ಆದರೆ ನಿಜವಾದ ಪ್ವಾಸಾನ್‌ನಿಂದ ಎಂಟೆಂಟು ಸಾಲು ತೆಗೆದರೂ ಈ ಅನುಪಾತ 0.3ರಿಂದ 2ರವರೆಗೆ ಓಡಾಡುತ್ತದೆ, ಹತ್ತರಲ್ಲಿ ಒಂಬತ್ತು ಸಲ. ಅಂದರೆ 1 ಬಂದಿದ್ದಕ್ಕೆ ನೆಮ್ಮದಿಪಡುವ ಹಾಗಿಲ್ಲ, 1.8 ಬಂದಿದ್ದರೂ ಗಾಬರಿಪಡುವ ಹಾಗಿರಲಿಲ್ಲ. ಐವತ್ತು ಅರವತ್ತು ಸಾಲು ಆದ ಮೇಲೂ 2ರ ಮೇಲೆಯೇ ನಿಂತರೆ ಆಗ ಗುಂಪಾಗಿ ಬರುತ್ತಿವೆ ಅಂತ ನಾನು ನಂಬುತ್ತೇನೆ.

ಗುಂಪುಗುಂಪಾಗಿ:
ಅಷ್ಟು ಸಾಲು ಬರುವವರೆಗೆ ಪಾಳಿ ನಡೆಯಬೇಕಲ್ಲ? ನಾನಾದರೆ ಈಗಲೇ ಪ್ರತಿ ಗಂಟೆಗೂ ಬೇರೆ ದರ ಇಟ್ಟು ಅವುಗಳ ಮೇಲೊಂದು ಗಾಮಾ ಹಾಕುತ್ತಿದ್ದೆ. ಗಡಿ ಇನ್ನೂ ಅಗಲ ಆಗಲಿ.

ಹಳೇ ಅಂದಾಜು:
ಎಂಟು ಸಾಲಿನಿಂದ ಆ ಮೇಲಿನ ಗಾಮಾದ ಹರವನ್ನು ಕಲಿಯಲು ಆಗುವುದಿಲ್ಲ, ಅದನ್ನೂ ನೀವೇ ಊಹಿಸಿ ಕೊಡಬೇಕು. ಊಹೆ ಒಂದು ಮೆಟ್ಟಿಲು ಮೇಲೆ ಹೋಯಿತು ಅಷ್ಟೆ. ನಾನು 39 ಕೊಟ್ಟು, ಕರೆಗಳು ಗುಂಪಾಗಿ ಬಂದರೆ ಇದು ಸಾಲದು ಅಂತ ಪಕ್ಕದಲ್ಲೇ ಬರೆಯುತ್ತೇನೆ.

ಗುಂಪುಗುಂಪಾಗಿ:
ಪಕ್ಕದಲ್ಲಿ ಬರೆದದ್ದನ್ನು ಯಾರೂ ಓದುವುದಿಲ್ಲ. ನಾನು ಗಡಿಯಲ್ಲೇ ಸೇರಿಸುತ್ತೇನೆ.

ರಾತ್ರಿಪಾಳಿ:
39 ಬರೆದೆ, ಟಿಪ್ಪಣಿಯನ್ನು ಅದರ ಪಕ್ಕದಲ್ಲಲ್ಲ, ಅದೇ ಸಾಲಿನಲ್ಲಿ ಹಾಕಿದೆ. ಇವತ್ತಿನಿಂದ ಲಾಗ್‌ನಲ್ಲಿ ಕರೆಗಳ ಜೊತೆ ಲೈನ್ ಎಷ್ಟು ನಿಮಿಷ ತೆರೆದಿತ್ತು ಅನ್ನುವ ಕಾಲಂ ಕೂಡ ಇದೆ. ನಾಳೆಯ ಪಾಳಿಗೆ 41 ಮತ್ತು 9 ನನ್ನ ಪ್ರಯರ್ ಆಗುತ್ತವೆ. ಇವತ್ತು ರಾತ್ರಿ ಬಂದದ್ದನ್ನು ಅದಕ್ಕೇ ಕೂಡಿಸುತ್ತಾ ಹೋಗುತ್ತೇನೆ. ನಡುರಾತ್ರಿಗೂ ಬೆಳಗಿನ ಜಾವಕ್ಕೂ ಒಂದೇ ದರ ಇಟ್ಟದ್ದು ಮಾತ್ರ ಇನ್ನೂ ಮನಸ್ಸಿಗೆ ಒಪ್ಪುತ್ತಿಲ್ಲ. ಹೊತ್ತಿನ ಪ್ರಕಾರ ಬೇರೆ ಮಾಡಿ ನೋಡಿದವರು ಇದ್ದರೆ, ಎಷ್ಟು ಗಂಟೆಯ ಡೇಟಾ ಆದ ಮೇಲೆ ಬೇರೆ ಮಾಡಿದಿರಿ ಅಂತ ಹೇಳಿ.