ಪದಚರ್ಚೆ: ಸ್ಮಾಲೆಸ್ಟ್ ವಿಡ್ತ್‌ಗೆ "ಕನಿಷ್ಠ ಅಗಲ" ಸರಿಯೇ?

ಮಡಿಕೇರಿಯಿಂದ, ಕೇಳಿದವರು

ಎಲ್ಲರಿಗೂ ನಮಸ್ಕಾರ. ಕಾಫಿ ಬೆಳೆಗಾರರು ದಿನದ ಮಳೆಯನ್ನು ಇಂಚು, ಸೆಂಟಿನ ಲೆಕ್ಕದಲ್ಲಿ ಬರೆದಿಡಲು ಒಂದು ಆಂಡ್ರಾಯ್ಡ್ ಆಪ್ ಮಾಡುತ್ತಿದ್ದೇವೆ. ಫೋನಿನಲ್ಲಿ ದಿನಗಳ ಪಟ್ಟಿ ಮಾತ್ರ ಕಾಣುತ್ತದೆ. ಟ್ಯಾಬಿನಲ್ಲಿ ಎಡಕ್ಕೆ ಪಟ್ಟಿ, ಬಲಕ್ಕೆ ಆ ದಿನದ ವಿವರ. ಅದಕ್ಕೆ ಎರಡು ಫೋಲ್ಡರ್ ಇವೆ:

```
res/layout/rain.xml
res/layout-sw600dp/rain.xml
```

ಹೊಸಬರಿಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. `sw` ಅಂದರೆ ಸ್ಮಾಲೆಸ್ಟ್ ವಿಡ್ತ್. "ಕನಿಷ್ಠ ಅಗಲ" ಅಂದರೆ ಓದುವವರು "ಅಗಲ ಕಡೇಪಕ್ಷ 600 ಇರಬೇಕು" ಎಂದು ತಿಳಿಯುತ್ತಾರೆ. ಆಗ ಫೋನನ್ನು ಅಡ್ಡ ಹಿಡಿದರೂ ಟ್ಯಾಬಿನ ಲೇಔಟ್ ಬರಬೇಕು, ಅಲ್ವಾ? ಆದರೆ ಬರುವುದಿಲ್ಲ. ಬೇರೆ ಪದ ಇದೆಯೇ?

ಗೋಣಿಕೊಪ್ಪದ ಮೇಷ್ಟ್ರು

"ಕನಿಷ್ಠ" ಎಲ್ಲರಿಗೂ ಗೊತ್ತಿರುವ ಪದ, ಬಿಡಬೇಡಿ. 7 ಇಂಚು, 10 ಇಂಚು ಎಂದು ಅಳತೆಯನ್ನೇ ಬರೆದರೆ ಇನ್ನೂ ಸುಲಭವಲ್ಲವೇ?

ಮೈಸೂರಿನಿಂದ

ಮೇಷ್ಟ್ರೇ, ಇದು ಇಂಚಲ್ಲ, ಡಿಪಿ. ಪಿಕ್ಸೆಲನ್ನು 160ರಿಂದ ಗುಣಿಸಿ, ಪರದೆಯ ಡಿಪಿಐಯಿಂದ ಭಾಗಿಸಬೇಕು. ನನ್ನ ಫೋನು 1080 × 2400 ಪಿಕ್ಸೆಲ್, 420 ಡಿಪಿಐ. ಅಂದರೆ ಸುಮಾರು 411 × 914 ಡಿಪಿ. ಹೇಗೆ ತಿರುಗಿಸಿದರೂ `sw` 411 ಆಗಿಯೇ ಇರುತ್ತದೆ. ಒಂದು ಯಂತ್ರಕ್ಕೆ ಒಂದೇ ಸಂಖ್ಯೆ, ಎಂದೂ ಬದಲಾಗದು. ಹಾಗಾಗಿ "ಸ್ಥಿರ ಅಗಲ" ಅನ್ನೋಣ.

ಸಿದ್ದಾಪುರದ ಬೆಳೆಗಾರರು

ನಾನು ಈ ಆಪ್ ಬಳಸಿ ನೋಡುತ್ತಿದ್ದೇನೆ. ಕಣ್ಣು ಮಂಜಾಗಿದೆ ಎಂದು ಅಕ್ಷರ ದೊಡ್ಡದು ಮಾಡಿಕೊಂಡಿದ್ದೇನೆ. "ಹೂಮಳೆ ಲೆಕ್ಕ" ಎಂಬ ಬಟನ್ನಿನಲ್ಲಿ ಕಕಾರದ ಒತ್ತು ಅರ್ಧ ಕತ್ತರಿಸಿ ಹೋಗುತ್ತದೆ. ಇದಕ್ಕೂ ಆ ಫೋಲ್ಡರೇ ಕಾರಣವೇ?

ಬೆಂಗಳೂರಿನಿಂದ, ಊರು ಸೋಮವಾರಪೇಟೆ

ಅಣ್ಣಾ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಬಟನ್ನಿನ ಎತ್ತರವನ್ನು ಡಿಪಿಯಲ್ಲಿ ಕಟ್ಟಿಹಾಕಿರಬೇಕು. ಅಕ್ಷರ ಮಾತ್ರ ನಿಮ್ಮ ಸೆಟ್ಟಿಂಗ್ ಪ್ರಕಾರ ಬೆಳೆಯುತ್ತದೆ. ಎತ್ತರಕ್ಕೆ `wrap_content` ಕೊಟ್ಟರೆ ಒತ್ತಿಗೂ ಜಾಗ ಸಿಗುತ್ತದೆ. ಕನ್ನಡಕ್ಕೆ ಇದು ಇಂಗ್ಲಿಷಿಗಿಂತ ಜಾಸ್ತಿ ಬೇಕು.

ಈಗ ಪದದ ಮಾತು. ಮೈಸೂರಿನವರು ಹೇಳಿದ್ದು ತಿರುಗಿಸುವ ಮಟ್ಟಿಗೆ ನಿಜ. `sw` ನೋಡುವುದು ಎರಡು ಬದಿಗಳಲ್ಲಿ ಚಿಕ್ಕದನ್ನು. ಈ ಕ್ಷಣ ಎಡದಿಂದ ಬಲಕ್ಕೆ ಎಷ್ಟಿದೆ ಎಂದು ನೋಡುವುದು `w600dp`. ನಿಮ್ಮ ಫೋಲ್ಡರಿಗೆ `layout-w600dp` ಎಂದು ಹೆಸರಿಟ್ಟಿದ್ದರೆ ಅಡ್ಡ ಹಿಡಿದ ಫೋನಿನಲ್ಲಿ 914 ಸಿಗುತ್ತಿತ್ತು, ಎರಡು ಭಾಗ ಬರುತ್ತಿತ್ತು. ಆದರೆ ಎತ್ತರ ಬರೀ 411. ಸೆಂಟು ಬರೆಯಲು ಕೀಬೋರ್ಡ್ ಎದ್ದರೆ ಪಟ್ಟಿ ಕಾಣಲು ಜಾಗವೇ ಉಳಿಯುವುದಿಲ್ಲ. ಈ ಆಪ್‌ಗೆ `sw` ಆರಿಸಿದ್ದು ಸರಿ.

ಆದರೆ "ಸ್ಥಿರ" ಅನ್ನಬೇಡಿ. ಮಡಚುವ ಫೋನ್ ತೆಗೆದುಕೊಳ್ಳಿ. ಒಳಪರದೆ 1812 × 2176 ಪಿಕ್ಸೆಲ್, 420 ಡಿಪಿಐ ಇದ್ದರೆ ಚಿಕ್ಕ ಬದಿ 690 ಡಿಪಿ. ಬಿಚ್ಚಿದಾಗ ಟ್ಯಾಬಿನ ಲೇಔಟ್. ಮಡಚಿದರೆ ಹೊರಪರದೆಯಲ್ಲಿ ಅದು 600ಕ್ಕಿಂತ ಕೆಳಗೆ ಬೀಳುತ್ತದೆ, ಫೋನಿನ ಲೇಔಟ್. ಒಂದೇ ಯಂತ್ರ, ಎರಡು ಸಂಖ್ಯೆ. ಹೀಗೆ ಬದಲಾಗುವಾಗ ಆಂಡ್ರಾಯ್ಡ್ ಸಾಮಾನ್ಯವಾಗಿ ಆ ಪುಟವನ್ನು ಕೆಡವಿ ಹೊಸದಾಗಿ ಕಟ್ಟುತ್ತದೆ. ಯಾವ ದಿನವನ್ನು ಆರಿಸಿದ್ದರು ಎಂಬುದನ್ನು `ViewModel`ನಲ್ಲೋ ಬೇರೆಲ್ಲೋ ಉಳಿಸದಿದ್ದರೆ, ಬಿಚ್ಚಿದ ಕೂಡಲೇ ಬಲಭಾಗ ಖಾಲಿ. ಟಿಪ್ಪಣಿಯಲ್ಲಿ ಇದನ್ನು ದಯವಿಟ್ಟು ಬರೆಯಿರಿ, ಹೊಸಬರು ಎಡವುವುದು ಇಲ್ಲೇ.

ನನ್ನ ಸಲಹೆ "ಕಿರುಬದಿ". ಅಗಲ ಎಂದ ತಕ್ಷಣ ಮನಸ್ಸು ಎಡದಿಂದ ಬಲಕ್ಕೆ ಹೋಗುತ್ತದೆ. ಬದಿ ಅಂದರೆ ಆ ತೊಂದರೆ ಇಲ್ಲ.

ಗೋಣಿಕೊಪ್ಪದ ಮೇಷ್ಟ್ರು

ಕಿರುಬದಿ ಕೇಳಲು ಚೆನ್ನಾಗಿದೆ. ಆದರೆ ಮಕ್ಕಳು ಪರದೆಯಲ್ಲಿ ಓದುವುದು ಇಂಗ್ಲಿಷ್ ಹೆಸರನ್ನೇ ತಾನೇ? ಎರಡನ್ನೂ ಹೇಗೆ ಜೋಡಿಸಿಕೊಳ್ಳುತ್ತಾರೆ?

ಬೆಂಗಳೂರಿನಿಂದ, ಊರು ಸೋಮವಾರಪೇಟೆ

ಕೈಯಿಂದಲೇ ತೋರಿಸಬಹುದು ಸರ್. ಫೋನಿನ `Developer options` ಒಳಗೆ `Smallest width` ಎಂಬ ಸಾಲಿದೆ. ಹಳೆಯ ಸಂಖ್ಯೆ ಬರೆದಿಟ್ಟುಕೊಂಡು, ಅಲ್ಲಿ 600 ಕೊಡಿ. ಎಲ್ಲವೂ ಚಿಕ್ಕದಾಗಿ ಕಾಣುತ್ತದೆ, ಫೋನಿನಲ್ಲೇ ಎರಡು ಭಾಗ ಬರುತ್ತದೆ. 590 ಕೊಟ್ಟರೆ ಮತ್ತೆ ಪಟ್ಟಿ ಮಾತ್ರ.

ಮೈಸೂರಿನಿಂದ

590, 600 ಎರಡನ್ನೂ ಹಾಕಿ ನೋಡಿದೆ, ಹಾಗೇ ಆಯಿತು. ಮಡಚುವ ಫೋನ್ ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ಆದರೂ ಕಿರುಬದಿ ಯಾವುದರ ಕಿರುಬದಿ? ಪರದೆಯದ್ದೇ?

ಮಡಿಕೇರಿಯಿಂದ, ಕೇಳಿದವರು

ಅದೇ ಈಗ ತೊಡಕು. ಪರದೆಯನ್ನು ಎರಡು ಆಪ್‌ಗಳಿಗೆ ಹಂಚಿದಾಗ ಲೆಕ್ಕಕ್ಕೆ ಬರುವುದು ನಮ್ಮ ಆಪ್‌ಗೆ ಸಿಕ್ಕ ಜಾಗ, ಇಡೀ ಗಾಜಲ್ಲ. "ಪರದೆಯ ಕಿರುಬದಿ" ಎಂದರೆ ಅದು ಬಿಟ್ಟುಹೋಗುತ್ತದೆ. "ಕಿಟಕಿಯ ಕಿರುಬದಿ" ಎಂದರೆ ಫೋನ್ ಬಳಸುವವರಿಗೆ ಕಿಟಕಿ ಎಲ್ಲಿಂದ ಬಂತು ಎನಿಸುತ್ತದೆ. ಸದ್ಯಕ್ಕೆ ಬರೀ "ಕಿರುಬದಿ" ಎಂದು ಬರೆದು, ಕೆಳಗೆ ಮಡಚುವ ಫೋನಿನ ಉದಾಹರಣೆ ಕೊಡುತ್ತೇನೆ. ಆಪ್‌ಗೆ ಸಿಕ್ಕ ಜಾಗಕ್ಕೆ ಒಳ್ಳೆಯ ಪದ ಯಾರಿಗಾದರೂ ಹೊಳೆದರೆ ತಿಳಿಸಿ.