ಪದಚರ್ಚೆ: ವೆಂಡರ್ ಪಟ್ಟಿಯ ಕೊನೆಯ ಕಾಲಂಗೆ ‘ಅಂಕ’ ಅನ್ನಬಹುದೇ?

ಖರೀದಿ ವಿಭಾಗ, ಪೀಣ್ಯ

ಎಲ್ಲರಿಗೂ ನಮಸ್ಕಾರ.

ನಮ್ಮದು ಪೀಣ್ಯದ ಒಂದು ಸಣ್ಣ ಕಾರ್ಖಾನೆ. ಒಂದೇ ಬಗೆಯ ಉಕ್ಕಿನ ಬುಶ್‌ಗಳನ್ನು ಮೂರು ಟರ್ನಿಂಗ್ ಶಾಪ್‌ಗಳಿಂದ ಮಾಡಿಸುತ್ತೇವೆ. ಮೂರು ತಿಂಗಳಿಗೊಮ್ಮೆ ಅವರಿಗೆ ಒಂದು ಪಟ್ಟಿ ಹೋಗುತ್ತದೆ. ಮಾಲು ಹೇಳಿದ ದಿನಕ್ಕೆ ಬಂತಾ, ಎಷ್ಟು ರಿಜೆಕ್ಟ್ ಆಯಿತು, ದರ ಎಷ್ಟು ಆಚೀಚೆ ಆಯಿತು ಅಂತ ಅದರಲ್ಲಿರುತ್ತದೆ. ಈ ಮೂರನ್ನೂ ಸೇರಿಸಿ ಒಂದು ಸಂಖ್ಯೆ, ಆ ಸಂಖ್ಯೆಯ ಮೇಲೆ ಸ್ಥಾನ. ಮೊದಲೆರಡಕ್ಕೆ 40, 40 ತೂಕ, ದರಕ್ಕೆ 20.

ಇಷ್ಟು ದಿನ ಪಟ್ಟಿ ಇಂಗ್ಲಿಷಿನಲ್ಲಿತ್ತು. ಶಾಪ್ ನಡೆಸುವವರು ಅದನ್ನು ಓದದೆ ಫೈಲಿಗೆ ಹಾಕುತ್ತಿದ್ದರು. ಈ ಸಲ ಕನ್ನಡದಲ್ಲಿ ಕಳಿಸಿದೆ.

| ವೆಂಡರ್ | ಸಮಯಕ್ಕೆ ಪೂರೈಕೆ | ತಿರಸ್ಕೃತ ಪ್ರಮಾಣ | ಬೆಲೆ ವ್ಯತ್ಯಾಸ | ಒಟ್ಟು ಅಂಕ | ಸ್ಥಾನ |
|---|---|---|---|---|---|
| ಕ | 90% | 1% | +5% | 62.8 | 1 |
| ಬ | 70% | 0.4% | −4% | 60.0 | 2 |
| ಅ | 95% | 3% | 0 | 51.1 | 3 |

ಕಳಿಸಿದ ಮೇಲೆ ಫೋನುಗಳು ಬಂದವು. ‘ಬ’ ಅವರು ಕೇಳಿದ್ದು, “ದರ ಕಡಿಮೆ ಮಾಡಿದ್ದಕ್ಕೆ ಮೈನಸ್ ಹಾಕಿದ್ದೀರಾ ಮೇಡಂ?” ಅಂತ. ಪ್ರತಿ ಕಾಲಂನ ಅಂಕ ಬಿಡಿಸಿ ಹೇಳಿದಾಗ ಇನ್ನೂ ಬೇಜಾರಾದರು. “20 ಸಲದಲ್ಲಿ 14 ಸಲ ಸರಿಯಾಗಿ ಕೊಟ್ಟಿದ್ದೀನಿ. ಅದಕ್ಕೆ ಸೊನ್ನೆನಾ?” ಅಂದರು. ‘ಅ’ ಅವರಿಗೆ 51 ಅಂದರೆ ಪಾಸೋ ಫೇಲೋ ಗೊತ್ತಾಗಲಿಲ್ಲ.

ಈ ಕಾಲಂಗಳಿಗೆ ಯಾವ ಹೆಸರು ಕೊಟ್ಟರೆ ತಪ್ಪು ತಿಳಿವಳಿಕೆ ಆಗುವುದಿಲ್ಲ? ಮುಖ್ಯವಾಗಿ ‘ಬೆಲೆ ವ್ಯತ್ಯಾಸ’ ಮತ್ತು ‘ಅಂಕ’ ಇವೆರಡಕ್ಕೆ ದಯವಿಟ್ಟು ಹೇಳಿ.

ನಿವೃತ್ತ ಅಧ್ಯಾಪಕ, ಮೈಸೂರು

ಮೇಡಂ, ‘ವ್ಯತ್ಯಾಸ’ ಎಂಬ ಪದದಲ್ಲಿ ದಿಕ್ಕು ಇಲ್ಲ. ಐದು ಹೆಚ್ಚಾದರೂ ವ್ಯತ್ಯಾಸ, ಐದು ಕಡಿಮೆಯಾದರೂ ವ್ಯತ್ಯಾಸ. ಅದಕ್ಕೇ ಅವರಿಗೆ ಗೊಂದಲವಾಗಿದೆ. ಗಣಿತದ ಪುಸ್ತಕಗಳಲ್ಲಿ ‘ಮಾನಕ ವಿಚಲನೆ’ ಅಂತ ಬಳಕೆಯಲ್ಲಿದೆ. ಅದೇ ಜಾಡಿನಲ್ಲಿ ‘ಬೆಲೆ ವಿಚಲನೆ’ ಅನ್ನಬಹುದು. ಅದು ಭಾರವಾಯಿತು ಅನ್ನಿಸಿದರೆ ‘ಬೆಲೆ ಏರಿಳಿತ’ ಎಲ್ಲರಿಗೂ ತಿಳಿಯುತ್ತದೆ.

‘ಅಂಕ’ ಬಗ್ಗೆ ನನಗೆ ತಕರಾರಿಲ್ಲ. ಶಾಲೆಗೆ ಹೋದ ಎಲ್ಲರಿಗೂ ಗೊತ್ತಿರುವ ಪದ.

ಎರಕದ ಕಾರ್ಖಾನೆ, ಬೆಳಗಾವಿ

ನೋಡ್ರಿ ಮೇಡಂ, ಹೆಸರು ಏನೇ ಇಡಿ, ಈ ಪಟ್ಟಿ ಮಾಡುವವರು ಖರೀದಿ ಮಾಡುವವರೇ ಅಲ್ವಾ? ನಾವು ಎರಕ ಹಾಕುವವರು. ಪಿಗ್ ಐರನ್, ಸ್ಕ್ರ್ಯಾಪ್ ದರ ಏರಿದರೆ ನಮ್ಮ ದರ ಏರಲೇಬೇಕು. ನಮ್ಮ ಗಿರಾಕಿಯೊಬ್ಬರು ಒಪ್ಪಂದದಲ್ಲೇ ಅದಕ್ಕೆ ಒಪ್ಪಿದ್ದರು. ಆಮೇಲೆ ಅದೇ ಏರಿಕೆಯನ್ನು ಬೆಲೆ ಕಾಲಂನಲ್ಲಿ ನಮ್ಮ ತಪ್ಪು ಅಂತ ಎಣಿಸಿದರು.

ಇನ್ನೊಂದು ವಿಷಯ. ಎರಕದ ಒಳಗೆ ಬ್ಲೋಹೋಲ್, ಅಂದರೆ ಗಾಳಿ ಗುಳ್ಳೆಯ ತೂತು ಇದ್ದರೆ ಮೆಷಿನಿಂಗ್ ಮಾಡಿದ ಮೇಲೆಯೇ ಕಾಣುತ್ತದೆ. ಮಾರ್ಚಿನಲ್ಲಿ ಕೊಟ್ಟ ಮಾಲು ಮೇನಲ್ಲಿ ವಾಪಸ್ ಬರುತ್ತದೆ. ಮೇ ತಿಂಗಳು ನಾವು ಕೊಟ್ಟದ್ದೇ ಕಡಿಮೆ ಇದ್ದರೆ ಆ ತಿಂಗಳ ರಿಜೆಕ್ಷನ್ ಶೇಕಡಾ ಆಕಾಶಕ್ಕೆ ಹೋಗುತ್ತದೆ. ಅದಕ್ಕೂ ಒಂದು ಪದ ಹುಡುಕಿ.

ಹಾಗೇ ದುಡ್ಡು ಸಮಯಕ್ಕೆ ಕೊಟ್ಟರಾ ಎಂಬ ಕಾಲಂ ಎಲ್ಲಿ? 2006ರ ಎಂಎಸ್ಎಂಇ ಕಾಯ್ದೆಯಲ್ಲಿ ಒಪ್ಪಂದ ಇದ್ದರೂ 45 ದಿನ ಮೀರಬಾರದು ಅಂತಿದೆ.

ಸಪ್ಲೈಯರ್ ಕ್ವಾಲಿಟಿ ಕೆಲಸದಲ್ಲಿದ್ದವರು, ಹೊಸೂರು

ಮೇಡಂ ಕೇಳಿದ್ದು ಪದ. ಆದರೆ ಇಲ್ಲಿ ಪದ ತಪ್ಪಾಗಿರುವುದು ಲೆಕ್ಕ ಅಸ್ಪಷ್ಟವಾಗಿರುವ ಕಡೆಯಲ್ಲೇ. ಹಾಗಾಗಿ ಎರಡನ್ನೂ ಸೇರಿಸಿ ಹೇಳುತ್ತೇನೆ.

ಮೊದಲು ಬೆಲೆ. ಮೈಸೂರಿನ ಸರ್ ಹೇಳಿದಂತೆ ‘ವ್ಯತ್ಯಾಸ’ಕ್ಕೆ ದಿಕ್ಕಿಲ್ಲ, ಅದು ಸರಿ. ಆದರೆ ‘ವಿಚಲನೆ’ ಬೇಡ. ಅದು ಸರಾಸರಿಯಿಂದ ಸಂಖ್ಯೆಗಳು ಎಷ್ಟು ಚದುರಿವೆ ಎಂಬುದಕ್ಕೆ. ‘ಏರಿಳಿತ’ ಅಂದರೆ ಒಬ್ಬರದೇ ದರ ತಿಂಗಳಿಂದ ತಿಂಗಳಿಗೆ ಕುಣಿಯಿತು ಅಂತಾಗುತ್ತದೆ. ಇಲ್ಲಿರುವುದು ಬೇರೆ. ಒಂದು ದರವನ್ನು ಮೊದಲೇ ಗುರುತು ಹಾಕಿಕೊಂಡು ಅದಕ್ಕಿಂತ ಎಷ್ಟು ಜಾಸ್ತಿ, ಎಷ್ಟು ಕಡಿಮೆ ಅಂತ ನೋಡುವುದು. ಆ ದರ ಯಾವುದು ಅಂತ ಪಟ್ಟಿಯಲ್ಲೇ ಇರಬೇಕು. ಬಿಲ್ಲನ್ನು ಪಿಒ, ಅಂದರೆ ಖರೀದಿ ಆದೇಶದ ದರದ ಜೊತೆ ಹೋಲಿಸಿದರೆ ಹೆಚ್ಚುಕಡಿಮೆ ಎಲ್ಲರಿಗೂ ಸೊನ್ನೆ ಬರುತ್ತದೆ, ಯಾಕೆಂದರೆ ಪಿಒಗಿಂತ ಜಾಸ್ತಿ ಬಿಲ್ಲನ್ನು ಅಕೌಂಟ್ಸ್ ಪಾಸ್ ಮಾಡುವುದಿಲ್ಲ. ನಿಮ್ಮ ಸಂಖ್ಯೆ ನೋಡಿದರೆ ವರ್ಷದ ಆರಂಭದ ದರವನ್ನು ಹಿಡಿದಿದ್ದೀರಿ ಅನ್ನಿಸುತ್ತದೆ. ಅದು ಬುಶ್ ಒಂದಕ್ಕೆ 50 ರೂಪಾಯಿ ಅಂತಿಟ್ಟುಕೊಳ್ಳಿ. ‘ಬ’ 48ಕ್ಕೆ ಕೊಟ್ಟಿದ್ದಾರೆ, ‘ಕ’ 52.50ಕ್ಕೆ. ಕಾಲಂಗೆ ‘ಮೂಲ ದರಕ್ಕಿಂತ’ ಅಂತ ಹೆಸರಿಡಿ. ಒಳಗೆ ಮೈನಸ್ ಚಿಹ್ನೆ ಬೇಡ, ‘4% ಕಡಿಮೆ’ ಅಂತಲೇ ಬರೆಯಿರಿ. ಬೆಳಗಾವಿಯವರ ದೂರಿಗೂ ಪರಿಹಾರ ಇಲ್ಲೇ ಇದೆ. ಲೋಹದ ದರ ಏರಿದ್ದಕ್ಕೆ ಒಪ್ಪಿಗೆ ಕೊಟ್ಟಿದ್ದರೆ ಮೂಲ ದರವನ್ನೂ ಅಷ್ಟೇ ಏರಿಸಬೇಕು. ಉಳಿದದ್ದನ್ನು ಮಾತ್ರ ಕಾಲಂಗೆ ತರಬೇಕು.

ಎರಡನೆಯದು ‘ಸಮಯಕ್ಕೆ’. ‘ಬ’ ಎಲ್ಲಿಯವರು?

ಖರೀದಿ ವಿಭಾಗ, ಪೀಣ್ಯ

ಹುಬ್ಬಳ್ಳಿ ಸರ್. ಉಳಿದಿಬ್ಬರು ಇಲ್ಲೇ ಹತ್ತಿರ. ನಾವು ಗೇಟ್ ಎಂಟ್ರಿ ದಿನ ಹಿಡಿಯುತ್ತೇವೆ. ಅವರು ಡಿಸಿ, ಅಂದರೆ ಮಾಲಿನ ಜೊತೆ ಕಳಿಸುವ ಡೆಲಿವರಿ ಚಲನ್ ಬರೆದ ದಿನ ಹಿಡಿಯಿರಿ ಅನ್ನುತ್ತಾರೆ. ಹಾಗೆ ಹಿಡಿದರೆ 20ರಲ್ಲಿ 18 ಆಗುತ್ತದೆ. ಮೂಲ ದರದ ಬಗ್ಗೆ ನೀವು ಊಹಿಸಿದ್ದು ಸರಿ.

ಸಪ್ಲೈಯರ್ ಕ್ವಾಲಿಟಿ ಕೆಲಸದಲ್ಲಿದ್ದವರು, ಹೊಸೂರು

ನೋಡಿ, ಅದೇ ಕಥೆ. 70% ಮತ್ತು 90% ಎರಡೂ ನಿಜ. ಸಾಗಣೆ ಯಾರ ಜವಾಬ್ದಾರಿ ಅಂತ ಪಿಒದಲ್ಲಿ ಬರೆದಿರುತ್ತದೆ. ನಿಮ್ಮ ಬಾಗಿಲಿಗೆ ತಂದು ಕೊಡುವ ಮಾತಾಗಿದ್ದರೆ ಗೇಟ್ ದಿನವೇ ಸರಿ. ಅವರ ಬಾಗಿಲಿಂದ ನೀವು ತರಿಸಿಕೊಳ್ಳುವ ಮಾತಾಗಿದ್ದರೆ ಡಿಸಿ ದಿನ ಸರಿ. ಕಾಲಂ ಹೆಸರು ‘ಒಪ್ಪಿದ ದಿನಕ್ಕೆ ಗೇಟಿಗೆ ಬಂದದ್ದು’ ಅಂತಿದ್ದರೆ ಜಗಳವೇ ಇರುವುದಿಲ್ಲ. ‘ಒಪ್ಪಿದ ದಿನ’ ಅಂದರೆ ಇಬ್ಬರೂ ಕೊನೆಗೆ ಬರಹದಲ್ಲಿ ಒಪ್ಪಿದ ದಿನ. ನೀವೇ ಡ್ರಾಯಿಂಗ್ ತಡವಾಗಿ ಕೊಟ್ಟು ಹಳೆಯ ದಿನ ಹಿಡಿಯುವುದು ನ್ಯಾಯವಲ್ಲ.

ಈಗ ‘ಅಂಕ’. ನಿಮ್ಮ ಹಾಳೆಯಲ್ಲಿ ಪ್ರತಿ ಕಾಲಂಗೂ ಈ ತರದ ಸೂತ್ರ ಇರಬೇಕು:

```
=100*(B2-MIN(B$2:B$4))/(MAX(B$2:B$4)-MIN(B$2:B$4))
```

ಅಂದರೆ ಮೂವರಲ್ಲಿ ಎಲ್ಲರಿಗಿಂತ ಚೆನ್ನಾಗಿರುವವರಿಗೆ 100, ಹಿಂದಿರುವವರಿಗೆ 0. ರಿಜೆಕ್ಷನ್, ದರಕ್ಕೆ ಇದನ್ನೇ ತಿರುವಿ ಹಾಕಿರುತ್ತೀರಿ. ಹಾಗಾಗಿ ‘ಬ’ಗೆ ಸಮಯದಲ್ಲಿ ಸೊನ್ನೆ ಬಂತು. 70% ಬದಲು 94% ತಂದಿದ್ದರೂ, ಉಳಿದಿಬ್ಬರು 95 ದಾಟಿದ್ದರೆ ಸೊನ್ನೆಯೇ ಬರುತ್ತಿತ್ತು. ಶಾಲೆಯಲ್ಲಿ ಅಂಕ ಅಂದರೆ ನಾನು ಬರೆದದ್ದಕ್ಕೆ ಸಿಕ್ಕಿದ್ದು. ಪಕ್ಕದವನು ಎಷ್ಟು ಬರೆದ ಎಂಬುದು ಅದಕ್ಕೆ ಸಂಬಂಧವಿಲ್ಲ. ನಿಮ್ಮ ಸಂಖ್ಯೆ ಹಾಗಿಲ್ಲ. ಅದಕ್ಕೇ ಆ ಪದ ಇಲ್ಲಿ ದಾರಿ ತಪ್ಪಿಸುತ್ತದೆ.

ಇನ್ನೂ ದೊಡ್ಡ ತೊಂದರೆ ಒಂದಿದೆ. ಪಟ್ಟಿಯಿಂದ ‘ಅ’ ಅವರನ್ನು ತೆಗೆದುಬಿಡಿ. ಉಳಿದಿಬ್ಬರ ಕೆಲಸ ಏನೂ ಬದಲಾಗಿಲ್ಲ. ಈಗ ಸಮಯದಲ್ಲಿ ‘ಕ’ಗೆ 100, ‘ಬ’ಗೆ 0. ರಿಜೆಕ್ಷನ್ ಮತ್ತು ದರ ಎರಡರಲ್ಲೂ ‘ಬ’ಗೆ 100, ‘ಕ’ಗೆ 0. ಒಟ್ಟು ‘ಬ’ಗೆ 60, ‘ಕ’ಗೆ 40. ಮೂವರಿದ್ದಾಗ ‘ಕ’ ಮೊದಲು, ಇಬ್ಬರಾದಾಗ ‘ಬ’ ಮೊದಲು. ಮೂರನೆಯವರು ಪಟ್ಟಿಯಲ್ಲಿದ್ದಾರೋ ಇಲ್ಲವೋ ಎಂಬುದರ ಮೇಲೆ ಮೊದಲನೆಯವರು ಬದಲಾದರೆ ಆರ್ಡರ್ ಹಂಚುವುದು ಹೇಗೆ?

ಗೆರೆಗಳನ್ನು ಮೊದಲೇ ಹಾಕಿಬಿಡಿ. ಉದಾಹರಣೆಗೆ ಸಮಯಕ್ಕೆ 80% ಅಥವಾ ಕಡಿಮೆ ಇದ್ದರೆ 0, ಪೂರ್ತಿ 100% ಇದ್ದರೆ 100:

```
=100*MAX(0,MIN(1,(B2-80)/20))
```

ಇಲ್ಲಿ B2ರಲ್ಲಿ 90 ಅಂತ ಬರೀ ಸಂಖ್ಯೆ ಇರಬೇಕು. ಶೇಕಡಾ ಫಾರ್ಮ್ಯಾಟ್ ಇದ್ದರೆ ಒಳಗೆ 0.9 ಇರುತ್ತದೆ, ಆಗ ಎಲ್ಲರಿಗೂ ಸೊನ್ನೆ ಬರುತ್ತದೆ. ಹಾಗೇ ರಿಜೆಕ್ಷನ್ ಇಲ್ಲದಿದ್ದರೆ 100, 2% ಮುಟ್ಟಿದರೆ 0. ದರ 5% ಕಡಿಮೆ ಇದ್ದರೆ 100, 5% ಜಾಸ್ತಿ ಇದ್ದರೆ 0. ಈಗ ‘ಬ’ಗೆ 50, ‘ಅ’ ಮತ್ತು ‘ಕ’ ಇಬ್ಬರಿಗೂ 40. ‘ಬ’ಗೆ ಸಮಯದಲ್ಲಿ ಇಲ್ಲೂ ಸೊನ್ನೆಯೇ. ಆದರೆ ಈ ಸೊನ್ನೆಗೆ ಅರ್ಥವಿದೆ: 80ರ ಗೆರೆ ದಾಟಿಲ್ಲ. ಮುಂದಿನ ಸಲ 85 ತಂದರೆ ಬೇರೆಯವರು ಏನೇ ಮಾಡಲಿ, ಅವರಿಗೆ 25 ಸಿಕ್ಕೇ ಸಿಗುತ್ತದೆ. ಹೀಗೆ ಮಾಡಿದರೆ ‘ಅಂಕ’ ಅನ್ನಿ, ಒಪ್ಪುತ್ತೇನೆ. ಹಳೆಯ ಲೆಕ್ಕವೇ ಇರಲಿ ಅಂದರೆ ‘ಹೋಲಿಕೆ ಸಂಖ್ಯೆ’ ಅನ್ನಿ.

ನಿವೃತ್ತ ಅಧ್ಯಾಪಕ, ಮೈಸೂರು

ಒಪ್ಪಿದೆ, ‘ವಿಚಲನೆ’ ವಾಪಸ್. ಆದರೆ ‘ಅ’ ಮತ್ತು ‘ಕ’ ಇಬ್ಬರಿಗೂ 40 ಅನ್ನುವುದು ನನಗೆ ಸರಿ ಕಾಣುತ್ತಿಲ್ಲ. ಒಬ್ಬರ ಮಾಲಿನಲ್ಲಿ ನೂರಕ್ಕೆ ಮೂರು ಕೆಟ್ಟದ್ದು. ಇನ್ನೊಬ್ಬರದು ದುಬಾರಿ ಅಷ್ಟೇ. ಇವರಿಬ್ಬರನ್ನೂ ‘ಎರಡನೇ ಸ್ಥಾನ’ ಎಂಬ ಒಂದೇ ಪದ ಹೇಗೆ ಹೇಳುತ್ತದೆ?

ಸಪ್ಲೈಯರ್ ಕ್ವಾಲಿಟಿ ಕೆಲಸದಲ್ಲಿದ್ದವರು, ಹೊಸೂರು

ಹೇಳುವುದಿಲ್ಲ ಸರ್. ಕೂಡಿಸಿದ ಮೇಲೆ ಅದು ಕಳೆದುಹೋಗುತ್ತದೆ. ಅದಕ್ಕೇ ಒಟ್ಟು ಸಂಖ್ಯೆಯ ಪಕ್ಕ ಮೂರು ಕಾಲಂಗಳೂ ಇರಲೇಬೇಕು, ಸುಮ್ನೆ ಸ್ಥಾನ ಮಾತ್ರ ಕಳಿಸಬಾರದು. ಕೆಲವು ಕಡೆ ಇನ್ನೊಂದು ನಿಯಮ ಇಡುತ್ತಾರೆ. ರಿಜೆಕ್ಷನ್ ಗೆರೆ ದಾಟಿದರೆ ಒಟ್ಟು ಎಷ್ಟೇ ಬರಲಿ, ಆ ವೆಂಡರ್ ಮೇಲಿನ ದರ್ಜೆಗೆ ಏರುವಂತಿಲ್ಲ.

ರಿಜೆಕ್ಷನ್ ಕಾಲಂಗೆ ಒಂದು ಮಾತು ಬಾಕಿ ಇತ್ತು. ‘ತಿರಸ್ಕೃತ ಪ್ರಮಾಣ’ ಅಂದರೆ ಬುಶ್‌ಗಳ ಲೆಕ್ಕವೋ ಲಾಟ್‌ಗಳ ಲೆಕ್ಕವೋ? ‘ಅ’ ಅವರ ಕೆಟ್ಟ ಮಾಲೆಲ್ಲ ಒಂದೇ ಲಾಟ್‌ನಲ್ಲಿ ಇದ್ದರೆ 20ರಲ್ಲಿ ಒಂದು ಲಾಟ್ ಮಾತ್ರ ಕೆಟ್ಟಿತು ಅಂತ. ಅದು ಟೂಲ್ ಸವೆದ ಒಂದು ದಿನದ ಕಥೆ ಇರಬಹುದು. ‘ಬ’ದಲ್ಲಿ ಎರಡೆರಡು ಬುಶ್ ಹತ್ತು ಲಾಟ್‌ಗಳಲ್ಲಿ ಸಿಕ್ಕಿದ್ದರೆ ಅರ್ಧ ಲಾಟ್‌ಗಳನ್ನು ಆರಿಸಿ ತೆಗೆಯಬೇಕಾಯಿತು ಅಂತ. ಪದದಲ್ಲಿ ‘ನೂರು ಬುಶ್‌ಗೆ’ ಅಂತ ಸೇರಿಸಿ.

ಎರಕದ ಕಾರ್ಖಾನೆ, ಬೆಳಗಾವಿ

ಮೂಲ ದರ ಏರಿಸುವ ಮಾತು ಬರಹದಲ್ಲಿ ಹಾಕಿದರೆ ನಮ್ಮಂಥವರಿಗೆ ಸಾಕು. ಆದರೆ ತಡವಾಗಿ ಕಾಣುವ ದೋಷದ ಬಗ್ಗೆ ಯಾರೂ ಏನೂ ಹೇಳಲಿಲ್ಲ.

ಸಪ್ಲೈಯರ್ ಕ್ವಾಲಿಟಿ ಕೆಲಸದಲ್ಲಿದ್ದವರು, ಹೊಸೂರು

ನಿಮ್ಮ ಮೇ ತಿಂಗಳ ರಿಜೆಕ್ಷನ್ ಅನ್ನು ಮಾರ್ಚಿನ ಲಾಟ್‌ಗೇ ಸೇರಿಸಬೇಕು. ಲಾಟ್ ನಂಬರ್ ಎರಕದ ಮೇಲೆ ಇದ್ದರೆ ಆಗುತ್ತದೆ. ಇಲ್ಲದಿದ್ದರೆ ಆಗುವುದಿಲ್ಲ. ಸೇರಿಸಿದರೆ ಮಾರ್ಚಿನ ಪಟ್ಟಿಯನ್ನು ತಿದ್ದಿ ಮತ್ತೆ ಕಳಿಸಬೇಕು, ಅದನ್ನು ಬಹಳ ಜನ ಮಾಡುವುದಿಲ್ಲ.

ಖರೀದಿ ವಿಭಾಗ, ಪೀಣ್ಯ

ಎಲ್ಲರಿಗೂ ಧನ್ಯವಾದ. ಕಾಲಂಗಳು ಈಗ ಹೀಗೆ: ‘ಒಪ್ಪಿದ ದಿನಕ್ಕೆ ಗೇಟಿಗೆ ಬಂದದ್ದು’, ‘ನೂರು ಬುಶ್‌ಗೆ ರಿಜೆಕ್ಟ್’, ‘ಮೂಲ ದರಕ್ಕಿಂತ’, ‘ಅಂಕ’, ‘ಸ್ಥಾನ’. ಗೆರೆಗಳನ್ನು ಪಟ್ಟಿಯ ಕೆಳಗೆ ಅಚ್ಚು ಹಾಕುತ್ತೇನೆ. ‘ಬ’ ಅವರ ಪಿಒ ತೆಗೆದು ನೋಡಿದೆ, ಸಾಗಣೆ ನಮ್ಮದೇ ಅಂತಿದೆ. ಹಾಗಾಗಿ ಅವರಿಗೆ ಡಿಸಿ ದಿನ ಹಿಡಿದರೆ 90% ಆಗಿ ಒಟ್ಟು 70 ಬರುತ್ತದೆ. ಅವರ ಸಾಲಿನಲ್ಲಿ ‘ಡಿಸಿ ದಿನ’ ಅಂತ ಬರೆಯುತ್ತೇನೆ.

ಇನ್ನೊಂದು ಪದ ಬೇಕು. ಅಳತೆ ಸ್ವಲ್ಪ ಆಚೀಚೆ ಇದ್ದರೂ ಕೆಲಸಕ್ಕೆ ಬರುತ್ತದೆ ಅಂತ ವಿನ್ಯಾಸ ವಿಭಾಗ ಸಹಿ ಹಾಕಿ ತೆಗೆದುಕೊಳ್ಳುವ ಮಾಲು ಇರುತ್ತದಲ್ಲ, ಅದಕ್ಕೆ ಏನನ್ನೋಣ? ಅದು ರಿಜೆಕ್ಟ್ ಲೆಕ್ಕಕ್ಕೆ ಸೇರುತ್ತದಾ?

ನಿವೃತ್ತ ಅಧ್ಯಾಪಕ, ಮೈಸೂರು

‘ಷರತ್ತಿನ ಮೇಲೆ ಒಪ್ಪಿದ್ದು’ ಅನ್ನಬಹುದು.

ಸಪ್ಲೈಯರ್ ಕ್ವಾಲಿಟಿ ಕೆಲಸದಲ್ಲಿದ್ದವರು, ಹೊಸೂರು

ಪದ ಚೆನ್ನಾಗಿದೆ. ಲೆಕ್ಕದ ಬಗ್ಗೆ ಒಮ್ಮತವಿಲ್ಲ. ನಾನಿದ್ದ ಒಂದು ಕಡೆ ಅದನ್ನು ಅರ್ಧ ರಿಜೆಕ್ಟ್ ಅಂತ ಎಣಿಸುತ್ತಿದ್ದರು, ಇನ್ನೊಂದು ಕಡೆ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಎಣಿಸದಿದ್ದರೆ ವೆಂಡರ್ ಸಹಿ ಕೇಳುವುದನ್ನೇ ಅಭ್ಯಾಸ ಮಾಡಿಕೊಳ್ಳುತ್ತಾರೆ. ಪೂರ್ತಿ ಎಣಿಸಿದರೆ ಆಚೀಚೆ ಇರುವುದನ್ನು ಮುಂಚೆಯೇ ಹೇಳದೆ ಕಳಿಸಿಬಿಡುತ್ತಾರೆ. ಸದ್ಯಕ್ಕೆ ಅದಕ್ಕೆ ಬೇರೆ ಕಾಲಂ ಇಡಿ, ಅಂಕಕ್ಕೆ ಸೇರಿಸಬೇಡಿ.