ಮಬ್ಬು ಫೋಟೋ ಆಪ್‌ನಲ್ಲಿ ಕ್ಲಿಯರ್ ಮಾಡಿದರೆ ಕಳ್ಳ ಯಾರೆಂದು ಹೇಳಬಹುದೇ? ವಿಡಿಯೊ ಪರೀಕ್ಷಕಿ ಶ್ರೀಲತಾ ಅವರೊಂದಿಗೆ ಪ್ರಶ್ನೋತ್ತರ

ರಾಧಾಕೃಷ್ಣ, ಬದಿಯಡ್ಕ: ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆ ಎರಡು ಗೋಣಿಯಷ್ಟು ರಾತ್ರಿ ಹೋಯಿತು. ಸಿಸಿಟಿವಿಯಲ್ಲಿ ಒಬ್ಬ ಕಾಣುತ್ತಾನೆ, ಮುಖ ಮಬ್ಬು. ಮಗ ಆಪ್‌ಗೆ ಹಾಕಿದ, ಸ್ಪಷ್ಟ ಬಂತು. ಬಲ ಕೆನ್ನೆಯಲ್ಲಿ ಮಚ್ಚೆಯೂ ಉಂಟು. ನಮ್ಮ ಕಡೆಯ ಒಬ್ಬ ಹುಡುಗನಿಗೆ ಅಲ್ಲೇ ಮಚ್ಚೆ. ಇನ್ನೊಂದು ವಾಟ್ಸಾಪ್ ಗುಂಪಿನಲ್ಲಿ ಅವನ ಹೆಸರು ಹಾಕಿಯೂ ಆಗಿದೆ. ಮೇಡಂ, ಇಷ್ಟು ಸಾಕಲ್ವಾ?

ಶ್ರೀಲತಾ: ಸಾಲದು. ಮೊದಲು ಆ ಹೆಸರು ತೆಗೆಸಿ. ಕ್ಯಾಮೆರಾ ಯಾವುದು, ಅವನು ಎಷ್ಟು ದೂರದಲ್ಲಿದ್ದ?

ರಾಧಾಕೃಷ್ಣ: ಎರಡು ಮೆಗಾಪಿಕ್ಸೆಲ್, 2.8 ಎಂಎಂ ಲೆನ್ಸ್. ಜಗಲಿಯಿಂದ ಅಂಗಳದ ಆ ಕೊನೆಗೆ 12 ಮೀಟರ್ ಆಗಬಹುದು.

ಸುಮತಿ, ಪೆರ್ಲ: ಮೇಡಂ, ನನ್ನ ಅಜ್ಜಿಯ ಮದುವೆ ಫೋಟೋ ಹಾಳಾಗಿದೆ. ಅದನ್ನು ಇದೇ ಆಪ್‌ನಲ್ಲಿ ಸರಿ ಮಾಡಬಹುದಾ?

ಶ್ರೀಲತಾ: ರಾಧಾಕೃಷ್ಣಣ್ಣ, ನಿಮ್ಮದೇ ಲೆಕ್ಕ ಹಾಕುವ. ಆ ಲೆನ್ಸ್ ಅಗಲಕ್ಕೆ ಸುಮಾರು 100 ಡಿಗ್ರಿ ನೋಡುತ್ತದೆ. 12 ಮೀಟರ್ ದೂರಕ್ಕೆ ಹೋಗುವಾಗ ಅದು 28 ಮೀಟರ್‌ಗಿಂತ ಜಾಸ್ತಿ ಅಗಲದ ಜಾಗ. ಅಷ್ಟನ್ನೂ ಚಿತ್ರದ ಅಗಲದ 1920 ಚುಕ್ಕೆಗಳಲ್ಲಿ, ಅಂದರೆ ಪಿಕ್ಸೆಲ್‌ಗಳಲ್ಲಿ, ತುಂಬಿಸಬೇಕು. ಒಂದು ಮೀಟರಿಗೆ ಸಿಗುವುದು ಸುಮಾರು 67 ಚುಕ್ಕೆ. ಮನುಷ್ಯನ ಮುಖ ಹದಿನೈದು ಹದಿನಾರು ಸೆಂಟಿಮೀಟರ್ ಅಗಲ. ಹಾಗಾಗಿ ಅವನ ಮುಖಕ್ಕೆ ಅಡ್ಡಕ್ಕೆ ಹತ್ತು ಚುಕ್ಕೆ, ಉದ್ದಕ್ಕೆ ಹದಿಮೂರು. ಒಟ್ಟು 130. ಕಣ್ಣಿಗೆ ಎರಡು. ಅದೂ ಎಲ್ಲ ಸರಿಯಾಗಿದ್ದರೆ. ರಾತ್ರಿ ಶಟರ್ 1/25 ಸೆಕೆಂಡ್ ತೆರೆದಿದ್ದರೆ, ಅಷ್ಟರಲ್ಲೇ ನಡೆಯುವವನು ಐದು ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ಮುಖದ ಮೂರನೇ ಒಂದು ಭಾಗ ಪಕ್ಕಕ್ಕೆ ಎಳೆದುಹೋಯಿತು.

ಈಗ ಮಚ್ಚೆ. ಐದು ಮಿಲಿಮೀಟರ್ ಇದ್ದರೂ ಅದು ಒಂದು ಚುಕ್ಕೆಯ ಮೂರನೇ ಒಂದು ಭಾಗ. ಆ ದೂರದಿಂದ ಆ ಕ್ಯಾಮೆರಾ ಮಚ್ಚೆಯನ್ನು ಮಚ್ಚೆಯಾಗಿ ಕಾಣಲು ಸಾಧ್ಯವೇ ಇಲ್ಲ. ಹಾಗಾದರೆ ಆಪ್‌ಗೆ ಎಲ್ಲಿಂದ ಬಂತು? ಕತ್ತಲೆಯಲ್ಲಿ ಕ್ಯಾಮೆರಾದಲ್ಲಿ ಏಳುವ ಕಾಳುಕಾಳು, ರೆಕಾರ್ಡರ್ ವಿಡಿಯೊ ಒತ್ತಿ ಚಿಕ್ಕದು ಮಾಡುವಾಗ ಉಳಿಯುವ ಚೌಕ ಚೌಕ ಕಲೆ, ಇವುಗಳಲ್ಲಿ ಒಂದು ಕೆನ್ನೆಯ ಜಾಗದಲ್ಲಿ ಬಿತ್ತು. ಮುಖದ ಮೇಲೆ ಕಪ್ಪು ಕಲೆ ಇದ್ದರೆ ಅದು ಎಂತ ಆಗಿರಬಹುದು ಎಂದು ಸಾಫ್ಟ್‌ವೇರ್ ತಾನು ಕಲಿತ ಮುಖಗಳಿಂದ ಊಹಿಸುತ್ತದೆ. ಊಹಿಸಿದ್ದನ್ನು ಚೆಂದಕ್ಕೆ ಬಿಡಿಸುತ್ತದೆ.

ಇಂಥ ಆಪ್‌ಗಳ ಒಳಗಿರುವ ಜಿಎಫ್‌ಪಿ-ಗ್ಯಾನ್‌ನಂಥ ಸಾಫ್ಟ್‌ವೇರ್ ಮುಖವನ್ನು 512ಕ್ಕೆ 512 ಚುಕ್ಕೆಯಲ್ಲಿ ಕೊಡುತ್ತದೆ. ಅಂದರೆ ಎರಡೂವರೆ ಲಕ್ಷಕ್ಕೂ ಜಾಸ್ತಿ. ನಿಮ್ಮ ಕ್ಯಾಮೆರಾ ಕೊಟ್ಟದ್ದು 130. ಕ್ಯಾಮೆರಾದ ಒಂದು ಚುಕ್ಕೆಯ ಜಾಗದಲ್ಲಿ ಈಗ ಎರಡು ಸಾವಿರ ಚುಕ್ಕೆ ಕೂತಿದೆ. ಹುಬ್ಬಿನ ಕೂದಲು, ಕಣ್ಣಿನ ಹೊಳಪು, ತುಟಿಯ ಅಂಚು, ಇದೆಲ್ಲ ನಿಮ್ಮ ಅಂಗಳದಲ್ಲಿ ನಿಂತವನದ್ದಲ್ಲ.

ವಿನಯ, ಸೀತಾಂಗೋಳಿ: ಫಾರ್ವರ್ಡ್ ಆಗಿ ಬಂದದ್ದು: "ಒಂದೇ ಫೋಟೋವನ್ನು ಮೂರು ಬೇರೆ ಆಪ್‌ಗೆ ಹಾಕಿ. ಮೂರರಲ್ಲೂ ಒಂದೇ ಮುಖ ಬಂದರೆ ಅದು ನೂರಕ್ಕೆ ನೂರು ಅಸಲಿ. ಎಲ್ಲರಿಗೂ ತಿಳಿಸಿ."

ಶ್ರೀಲತಾ: ಯಾರಿಗೂ ತಿಳಿಸಬೇಡಿ. ಈ ಫಾರ್ವರ್ಡ್ ನೋಡಿ ನೋಡಿ ಸಾಕಾಗಿದೆ. ಆಪ್‌ ಬೇರೆಯಾದರೂ ಒಳಗಿನ ಸಾಫ್ಟ್‌ವೇರ್ ಕಲಿತದ್ದು ಒಂದೇ ಕಡೆ ಇರಬಹುದು. ಜಿಎಫ್‌ಪಿ-ಗ್ಯಾನ್ ಮತ್ತು ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಕೋಡ್‌ಫಾರ್ಮರ್, ಎರಡೂ ಕಲಿತದ್ದು ಒಂದೇ ಸಂಗ್ರಹದಿಂದ. ಫ್ಲಿಕರ್‌ನಿಂದ ತೆಗೆದ 70,000 ಮುಖಗಳು. ಒಂದೇ ಕಡೆ ಕಲಿತವು ಒಂದೇ ಊಹೆ ಮಾಡಿದರೆ ಅದು ಮೂರು ಸಾಕ್ಷಿ ಆಗುವುದಿಲ್ಲ.

ಹರೀಶ, ಉಪ್ಪಳ: ನಾನು ಹಲವು ವರ್ಷದಿಂದ ಸ್ಟುಡಿಯೊ ನಡೆಸುತ್ತಿದ್ದೇನೆ. ಮೇಡಂ ಹೇಳುವುದು ಪೂರ್ತಿ ಸರಿಯಲ್ಲ. ಬಂದ ಮುಖವನ್ನು ಮತ್ತೆ ಚಿಕ್ಕದು ಮಾಡಿ ನೋಡಿ. ಮೊದಲಿನ ಮಬ್ಬು ಫೋಟೋಗೆ ಸರಿ ಹೊಂದಿದರೆ ಮುಖವೂ ಸರಿ. ಅಲ್ಲದೆ ಪೊಲೀಸರು ಕೂಡ ವಿಡಿಯೊ ಕ್ಲಿಯರ್ ಮಾಡಿಸುತ್ತಾರೆ ತಾನೇ?

ಶ್ರೀಲತಾ: ಎರಡನೆಯ ಮಾತಿನಲ್ಲಿ ಅರ್ಧ ನಿಜ ಇದೆ. ಬೆಳಕು ಹೆಚ್ಚಿಸುವುದು, ಅಲುಗಾಡದ ವಸ್ತುವಿನ ಹತ್ತಾರು ಫ್ರೇಮ್ ಸೇರಿಸಿ ಕಾಳುಕಾಳು ಇಳಿಸುವುದು, ಇದನ್ನೆಲ್ಲ ನಾವೂ ಮಾಡುತ್ತೇವೆ. ಅಲ್ಲಿ ಬರುವುದೆಲ್ಲ ಅದೇ ಕ್ಯಾಮೆರಾ ಕಂಡದ್ದು. ಬೇರೆಯವರ ಮುಖದಿಂದ ಏನನ್ನೂ ತರುವುದಿಲ್ಲ. ಒಂದೊಂದು ಹೆಜ್ಜೆಯನ್ನೂ ಬರೆದಿಡುತ್ತೇವೆ, ಇನ್ನೊಬ್ಬರು ಹಾಗೆಯೇ ಮಾಡಿ ನೋಡಬಹುದು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2024ರಲ್ಲಿ ಒಂದು ಕೊಲೆ ಪ್ರಕರಣದಲ್ಲಿ ಎಐ ಬಳಸಿ ಸ್ಪಷ್ಟ ಮಾಡಿದ ವಿಡಿಯೊವನ್ನು ನ್ಯಾಯಾಧೀಶರು ಸಾಕ್ಷ್ಯಕ್ಕೆ ಸೇರಿಸಲು ಬಿಡಲಿಲ್ಲ.

ಮೊದಲನೆಯ ಮಾತು ತಪ್ಪು. 2020ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರು ಪಲ್ಸ್ ಎಂಬ ಸಾಫ್ಟ್‌ವೇರ್ ಬಿಟ್ಟರು. ಅದು ಕೆಲಸ ಮಾಡುವುದೇ ನೀವು ಹೇಳಿದ ಹಾಗೆ. ಕುಗ್ಗಿಸಿದಾಗ ಕೊಟ್ಟ ಮಬ್ಬು ಫೋಟೋಗೆ ಹೊಂದುವ ಮುಖವೊಂದನ್ನು ಹುಡುಕಿ ಕೊಡುತ್ತದೆ. ಯಾರೋ ಅದಕ್ಕೆ ಬರಾಕ್ ಒಬಾಮ ಅವರ ಮಬ್ಬು ಫೋಟೋ ಕೊಟ್ಟರು. ಬಂದದ್ದು ಒಬ್ಬ ಬಿಳಿಯ ಗಂಡಸಿನ ಮುಖ. ಕುಗ್ಗಿಸಿದರೆ ಎರಡೂ ಹೆಚ್ಚುಕಮ್ಮಿ ಒಂದೇ. ಒಂದು ಮಬ್ಬು ಫೋಟೋಗೆ ಹೊಂದುವ ಮುಖಗಳು ಲೆಕ್ಕವಿಲ್ಲದಷ್ಟು. ಹೊಂದುತ್ತದೆ ಎಂಬುದರಿಂದ ಅವನೇ ಎಂದಾಗುವುದಿಲ್ಲ.

ಹರೀಶ: ಅದು ಹಳೆಯ ಸಾಫ್ಟ್‌ವೇರ್. ಈಗಿನದ್ದು ಜಾಸ್ತಿ ಚೆನ್ನಾಗಿದೆ.

ಶ್ರೀಲತಾ: ಚೆನ್ನಾಗಿ ಬಿಡಿಸುತ್ತದೆ, ಹೌದು. 130 ಚುಕ್ಕೆ ಈಗಲೂ 130 ಚುಕ್ಕೆಯೇ. ನೋಡಲು ಅಸಲಿಯಂತಿದ್ದಷ್ಟೂ ಅಪಾಯ ಜಾಸ್ತಿ.

ಮೋಹನ, ಮುಳ್ಳೇರಿಯ: ಒಳ್ಳೆಯ ಆಪ್ ಯಾವುದು ಮೇಡಂ? ಕಾಸು ಕೊಟ್ಟು ತೆಗೆದುಕೊಳ್ಳುವುದಾದರೂ ಅಡ್ಡಿಯಿಲ್ಲ.

ಶ್ರೀಲತಾ: ಇದಕ್ಕೆ ಯಾವುದೂ ಬೇಡ. ಮೇಲೆ ಓದಿ.

ಜಯಂತಿ, ನೀರ್ಚಾಲು: ಆ ಹುಡುಗ ನನ್ನ ಅಕ್ಕನ ಮಗ. ಆ ರಾತ್ರಿ ಅವನು ಮಂಗಳೂರಿನಲ್ಲಿ ಕೆಲಸದಲ್ಲಿದ್ದ. ಮೂರು ದಿನದಿಂದ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಿಲ್ಲ. ರಾಧಾಕೃಷ್ಣ ಭಾವ, ಅವನು ನಿಮ್ಮ ಮನೆಯಲ್ಲಿ ಉಂಡು ಬೆಳೆದವನು. ಒಂದು ಮಾತು ನಮ್ಮಲ್ಲಿ ಕೇಳಬಾರದಿತ್ತಾ?

ವಿನಯ: ತಪ್ಪು ಮಾಡದಿದ್ದರೆ ಹೆದರುವುದು ಯಾಕೆ?

ಜಯಂತಿ: ನಿನ್ನ ಫೋಟೋ ಹಾಕಿ ಕಳ್ಳ ಎನ್ನಲಿ, ಆಗ ಹೇಳು.

ಹರೀಶ: ವಿನಯ, ಬಾಯಿ ಮುಚ್ಚು ಮಾರಾಯ. ಹೆಂಗಸರಲ್ಲಿ ಮಾತಾಡುವ ರೀತಿಯಾ ಇದು?

ವಿನಯ: ನೀವು ಯಾರು ನನಗೆ ಹೇಳುವುದಕ್ಕೆ? ನಿಮ್ಮ ಸ್ಟುಡಿಯೊದಲ್ಲಿ ಬಣ್ಣ ಬಳಿಯುವುದಿಲ್ಲವಾ?

ಶ್ರೀಲತಾ: ಜಗಳ ಬೇರೆ ಕಡೆ ಮಾಡಿ. ರಾಧಾಕೃಷ್ಣಣ್ಣ, ಎರಡು ಕೆಲಸ. ಒಂದು: ಇವತ್ತು ರಾತ್ರಿ ಅದೇ ದೀಪದಲ್ಲಿ ನಿಮ್ಮ ಮಗ ಅದೇ ಜಾಗದಲ್ಲಿ ನಡೆಯಲಿ. ಅದೇ ಕ್ಯಾಮೆರಾದ ಫ್ರೇಮ್ ತೆಗೆದು ಅದೇ ಆಪ್‌ಗೆ ಹಾಕಿ. ಒಂದು ಫ್ರೇಮ್ ಅಲ್ಲ, ಸಾಲಾಗಿ ನಾಲ್ಕೈದು. ಕಳ್ಳನ ವಿಡಿಯೊದ ಮುಂದಿನ ಹಿಂದಿನ ಫ್ರೇಮ್‌ಗಳನ್ನೂ ಹಾಕಿ, ಮಚ್ಚೆ ಅಲ್ಲೇ ನಿಲ್ಲುತ್ತದಾ ನೋಡಿ. ಎರಡು: ರೆಕಾರ್ಡರ್‌ನಲ್ಲಿ ಹಳೆಯದರ ಮೇಲೆ ಹೊಸದು ಬೀಳುವ ಮೊದಲು ಮೂಲ ಫೈಲನ್ನು ಪೆನ್‌ಡ್ರೈವ್‌ಗೆ ತೆಗೆಯಿರಿ. ಟಿವಿ ಪರದೆಯನ್ನು ಮೊಬೈಲ್‌ನಲ್ಲಿ ಹಿಡಿದದ್ದು ಬೇಡ, ವಾಟ್ಸಾಪ್‌ನಲ್ಲಿ ಕಳಿಸಿದ್ದೂ ಬೇಡ. ಅದನ್ನೇ ಠಾಣೆಗೆ ಕೊಡಿ. ಆಪ್‌ನ ಫೋಟೋ ಕೊಟ್ಟರೆ ಪೊಲೀಸರ ಕಣ್ಣಲ್ಲೂ ಆ ಮುಖವೇ ಕೂರುತ್ತದೆ. ಮುಖ ಸಿಗದಿದ್ದರೂ ಎತ್ತರ, ನಡಿಗೆ, ಗಾಡಿ ಬಂದ ಹೊತ್ತು ಮೂಲದಲ್ಲಿ ಸಿಗಬಹುದು.

ಮೋಹನ: ಹಾಗಾದರೆ ಎಷ್ಟು ಚುಕ್ಕೆ ಇದ್ದರೆ ಮುಖ ನಂಬಬಹುದು?

ಶ್ರೀಲತಾ: ಕ್ಯಾಮೆರಾ ಹಾಕುವ ಯುರೋಪಿನ 2015ರ ಮಾನದಂಡದಲ್ಲಿ, ಗುರುತಿಲ್ಲದವರನ್ನು ಗುರುತಿಸಲು ಮೀಟರಿಗೆ 250 ಚುಕ್ಕೆ ಇರಬೇಕು. ಇಲ್ಲಿ 67.

ರಾಧಾಕೃಷ್ಣ: ಮೇಡಂ, ನಿನ್ನೆ ರಾತ್ರಿ ಮಾಡಿದೆವು. ಐದು ಫ್ರೇಮ್‌ನಲ್ಲಿ ಮಗ ಐದು ಜನ ಆದ. ಮೀಸೆ ಇಲ್ಲದವನಿಗೆ ಒಂದರಲ್ಲಿ ಮೀಸೆ. ನನಗೇ ಗುರುತು ಸಿಗಲಿಲ್ಲ. ಕಳ್ಳನ ವಿಡಿಯೊದಲ್ಲಿ ಮಚ್ಚೆ ಒಂದೇ ಫ್ರೇಮ್‌ನಲ್ಲಿ ಉಂಟು, ಪಕ್ಕದ್ದರಲ್ಲಿ ಇಲ್ಲ. ಪೆನ್‌ಡ್ರೈವ್ ಠಾಣೆಗೆ ಕೊಟ್ಟೆ. ಜಯಂತಿ, ಸಂಜೆ ನಿಮ್ಮಲ್ಲಿಗೆ ಬರುತ್ತೇನೆ. ಆ ಗುಂಪಿನ ಅಡ್ಮಿನ್ ಮಾತ್ರ ಹೆಸರು ತೆಗೆಯುತ್ತಿಲ್ಲ, ಫೋನೂ ಎತ್ತುವುದಿಲ್ಲ.

ಶ್ರೀಲತಾ: ಮಗನ ಐದು ಮುಖಗಳನ್ನು ಆ ಗುಂಪಿಗೇ ಹಾಕಿ. ಆಮೇಲೂ ತೆಗೆಯದಿದ್ದರೆ ಹುಡುಗನ ಮನೆಯವರು ಮಾನಹಾನಿ ದೂರು ಕೊಡಬಹುದು, ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 356. ವಕೀಲರಲ್ಲಿ ಕೇಳಿ.

ವಿನಯ: ನಾನು ಹೆಸರು ಹಾಕಿದ್ದಲ್ಲ, ಫಾರ್ವರ್ಡ್ ಮಾಡಿದ್ದು ಅಷ್ಟೇ.

ಜಯಂತಿ: ಎಷ್ಟು ಗುಂಪಿಗೆ ಮಾಡಿದ್ದಿ, ಅದನ್ನು ಹೇಳು.

ಸುಮತಿ: ನನ್ನ ಅಜ್ಜಿಯ ಫೋಟೋದ್ದು ಯಾರೂ ಹೇಳಲಿಲ್ಲ.